ಹನ್ನೆರಡು ಹೆಸರುಗಳ ಪೋಸ್ಟರ್

ಬ್ಯೂಟಿ ಪಾರ್ಲರಿನ ಹೊಸ ಬ್ರಾಂಚು ಎಲ್ಲಿ ತೆರೆಯಬೇಕು ಎಂದು ತಂಗಿ ಆರು ತಿಂಗಳು ತಲೆ ಕೆಡಿಸಿಕೊಂಡಳು. ಕೊನೆಗೆ ಉತ್ತರ ಕೊಟ್ಟವಳು ಅಕ್ಕನೇ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಕ್ಕ ಗ್ರಾಹಕರ ಕಾರ್ಡುಗಳ ಪೆಟ್ಟಿಗೆ ಎಳೆದುಕೊಂಡು, ಒಬ್ಬೊಬ್ಬರ ವಿಳಾಸ ನೋಡಿ ಕಾರ್ಡುಗಳನ್ನು ಬೇರೆ ಬೇರೆ ಗುಡ್ಡೆ ಮಾಡಿದಳು. ಊರಿನ ಆ ತುದಿಯ ಬಡಾವಣೆಯ ಗುಡ್ಡೆ ಎಲ್ಲಕ್ಕಿಂತ ದಪ್ಪಗಿತ್ತು. ಹನ್ನೆರಡು ಜನ! ಎರಡು ಬಸ್ಸು ಬದಲಾಯಿಸಿ, ಮುಕ್ಕಾಲು ಗಂಟೆ ಪ್ರಯಾಣ ಮಾಡಿ, ಹುಬ್ಬು ತೀಡಿಸಿಕೊಳ್ಳಲು ಇಲ್ಲಿವರೆಗೆ ಬರುವವರು. ಅಷ್ಟು ದೂರದಿಂದ ಯಾರು ಬರುತ್ತಾರೆ ಹೇಳಿ? ಕೈಗುಣ ಹಿಡಿಸಿದವರು ಮಾತ್ರ ಬರುತ್ತಾರೆ. ಅಕ್ಕನ ಲೆಕ್ಕ ಹೀಗಿತ್ತು. ಇಪ್ಪತ್ತೆರಡು ವರ್ಷ ದಾರ ಹಿಡಿದ ಬೆರಳುಗಳ ಮೇಲೆ ಅವಳಿಗೆ ಸ್ವಲ್ಪ ಜಂಬ ಇತ್ತು, ಇರಲಿ ಬಿಡಿ, ಜಂಬ ಪಡುವಂಥ ಬೆರಳುಗಳೇ ಅವು.

"ನೋಡೇ, ನಮ್ಮೋರು ಇಷ್ಟು ಜನ ಅಲ್ಲೇ ಇದ್ದಾರೆ. ಅಲ್ಲೇ ಒಂದು ತೆಗೆದ್ರೆ ಪಾಪ, ಅವರಿಗೂ ಓಡಾಟ ತಪ್ಪತ್ತೆ," ಎಂದಳು.

ತಂಗಿಗೆ ಅಷ್ಟೇ ಸಾಕಾಗಿತ್ತು. ಅಕ್ಕ ಕೈಯಲ್ಲಿ ಕೆಲಸ ಮಾಡುವವಳು, ತಂಗಿ ಬಾಯಲ್ಲಿ, ಫೋನಿನಲ್ಲಿ. ಪಾರ್ಲರಿನ ಜಾಹೀರಾತು, ಬಾಡಿಗೆ, ಹುಡುಗಿಯರ ಸಂಬಳ, ಸಾಮಾನು ತರಿಸುವುದು ಎಲ್ಲ ಅವಳದೇ. ತಿಂಗಳೊಳಗೆ ಆ ಬಡಾವಣೆಯಲ್ಲಿ ಔಷಧಿ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದಳು. ಗೋಡೆಗೆ ತಿಳಿ ಗುಲಾಬಿ ಬಣ್ಣ, ಐದು ಕುರ್ಚಿ, ಎರಡು ತಲೆ ತೊಳೆಯುವ ಬೇಸಿನ್ನು, ಮೂಲೆಯಲ್ಲಿ ಪರದೆ ಎಳೆದ ಒಂದು ಜಾಗ. ತನ್ನ ಒಡವೆಗಳಲ್ಲಿ ಅರ್ಧ ಇದಕ್ಕೇ ಹೋಯಿತು ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಬರಿಗಿವಿ ನೋಡಿ ಅಕ್ಕ ಅರ್ಥ ಮಾಡಿಕೊಂಡಿದ್ದಳು.

ಆರಂಭದ ಕೊಡುಗೆಯೂ ತಂಗಿಯ ತಲೆಯಿಂದಲೇ ಬಂದದ್ದು. ಮೊದಲ ಮೂರು ದಿನ ಬಂದವರಿಗೆ ಹುಬ್ಬು ಉಚಿತ. ಅದರ ಮೇಲೆ, ಹಳೇ ಗ್ರಾಹಕರಿಗೆ ಒಂದೊಂದು ಕೋಡು, ಅಂದರೆ ರಿಯಾಯಿತಿಯ ಗುರುತಿನ ಸಂಖ್ಯೆ. ಆ ಕೋಡು ಹೇಳಿಕೊಂಡು ಹೊಸಬರು ಬಂದರೆ ಅವರಿಗೆ ಅರ್ಧ ಬೆಲೆ, ಕಳಿಸಿದವರ ಖಾತೆಗೆ ಒಂದು ಸೇವೆ ಪುಕ್ಕಟೆ.

"ಅಕ್ಕ, ಹ್ಯಾಂಡ್‌ಬಿಲ್ ಯಾರೂ ಓದಲ್ಲ. ಪಕ್ಕದ ಮನೆಯವಳು ಹೋಗ್ತಾಳೆ ಅಂದ್ರೆ ಮಾತ್ರ ಇವಳೂ ಹೊರಡ್ತಾಳೆ. ಆ ಹನ್ನೆರಡು ಜನರ ಹೆಸರು ಕೊಡು. ಯಾರ್ಯಾರು ಏನೇನು ಮಾಡಿಸ್ಕೋತಾರೆ ಅದನ್ನೂ ಹೇಳು."

ಅಕ್ಕ ಆಗ ಒಬ್ಬರ ಮೇಲ್ತುಟಿ ತೀಡುತ್ತಿದ್ದಳು. ದಾರದ ಒಂದು ತುದಿ ಹಲ್ಲಿನಲ್ಲಿತ್ತು. ಯಾವ ಸೇವೆ ಎಂಬುದು ಹೊಸ ಬ್ರಾಂಚಿಗೆ ಎಷ್ಟು ವ್ಯಾಕ್ಸು, ಎಷ್ಟು ಬಣ್ಣ ತರಿಸಬೇಕು ಎಂಬ ಲೆಕ್ಕಕ್ಕೆ ಇರಬೇಕು ಎಂದುಕೊಂಡಳು. ಕೆಲಸ ಮುಗಿಸಿ ಕಾರ್ಡು ನೋಡುತ್ತ ಹೇಳುತ್ತಾ ಹೋದಳು: ಬ್ಯಾಂಕಿನವರು, ಬಿಳಿಗೂದಲಿಗೆ ಬಣ್ಣ. ದರ್ಜಿಯ ಹೆಂಡತಿ, ಬೋಳಾದ ನೆತ್ತಿಯ ಮೇಲೆ ಕೂದಲಿನ ತುಂಡು ಕೂರಿಸುವುದು. ಟೀಚರ್, ಗದ್ದ ಮತ್ತು ದವಡೆ, ಹದಿನೈದು ದಿನಕ್ಕೊಮ್ಮೆ.

"ಇವರನ್ನೆಲ್ಲ ಒಂದು ಮಾತು ಕೇಳಬೇಕಾ, ಹೆಸರು ಹಾಕೋಕೆ?" ಎಂದಳು ತಂಗಿ. ಅದನ್ನು ಮರೆಯಬಾರದು, ಅವಳು ಕೇಳಿದ್ದಳು.

"ಕೇಳೋದೇನು ಬಂತೇ? ನಮ್ಮೋರೇ ಅಲ್ವಾ. ಖುಷಿ ಪಡ್ತಾರೆ," ಎಂದಳು ಅಕ್ಕ.

ಬುಧವಾರ ಸಂಜೆ ತಂಗಿ ಪೋಸ್ಟರ್ ಮಾಡಿ ಫೋನು ಚಾಚಿ ತೋರಿಸಿದಳು. ಅಕ್ಕನ ಎರಡೂ ಕೈಗೆ ಎಣ್ಣೆ. ಕನ್ನಡಕ ಮೇಜಿನ ಮೇಲಿತ್ತು. ಮೊಳ ದೂರದಿಂದ ನೋಡಿದರೆ ಗುಲಾಬಿ ಬಣ್ಣ, ಹೂವು, ಕೆಳಗೆ ಸಾಲಾಗಿ ಸಣ್ಣಕ್ಷರ. "ಚೆನ್ನಾಗಿದೆ, ಕಳಿಸು," ಎಂದಳು. ತಂಗಿ ಅದನ್ನು ಹೊಸ ಕಟ್ಟಡದ ಮಾಲೀಕರಿಗೆ ಕಳಿಸಿದಳು. ಅವರೇ ಆ ಬಡಾವಣೆಯ ನಿವಾಸಿಗಳ ವಾಟ್ಸಾಪ್ ಗುಂಪು ನೋಡಿಕೊಳ್ಳುವವರು. ಇನ್ನೂರ ನಲವತ್ತು ಮನೆಯವರಿದ್ದ ಗುಂಪಿಗೆ ಅವರು ಪೋಸ್ಟರನ್ನು ಹಾಕಿ, ಪಕ್ಕದಲ್ಲಿ ಒಂದು ಕೈಮುಗಿಯುವ ಚಿತ್ರವನ್ನೂ ಇಟ್ಟರು.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಮೊದಲ ಫೋನು ಬಂತು. ದರ್ಜಿಯ ಹೆಂಡತಿ. ಅವಳು ಮಾತಾಡಲಿಲ್ಲ, ಅತ್ತಳು. ಸ್ವಲ್ಪ ಹೊತ್ತು ಅತ್ತು ಫೋನು ಇಟ್ಟುಬಿಟ್ಟಳು. ಅಕ್ಕ ಗಾಬರಿಯಿಂದ ಕನ್ನಡಕ ಹುಡುಕಿ ಹಾಕಿಕೊಂಡು, ತಂಗಿ ಕಳಿಸಿದ್ದ ಪೋಸ್ಟರನ್ನು ತನ್ನ ಫೋನಿನಲ್ಲಿ ದೊಡ್ಡದು ಮಾಡಿ ನೋಡಿದಳು.

'ನಿಮ್ಮದೇ ಬಡಾವಣೆಯ ಇವರೆಲ್ಲ ನಮ್ಮನ್ನೇ ನಂಬಿದ್ದಾರೆ,' ಎಂದಿತ್ತು. ಕೆಳಗೆ ಹನ್ನೆರಡು ಹೆಸರು. ಒಂದೊಂದು ಹೆಸರಿನ ಮುಂದೆ ಒಂದೊಂದು ಕೋಡು, ಕೋಡಿನ ಮುಂದೆ ಸೇವೆ. 'ಇವರ ಕೋಡು ಹೇಳಿ, ಇವರು ಮಾಡಿಸಿಕೊಳ್ಳುವ ಸೇವೆಯನ್ನೇ ಅರ್ಧ ಬೆಲೆಗೆ ಪಡೆಯಿರಿ.' ಐದನೇ ಸಾಲಿನಲ್ಲಿ ಟೀಚರ ಪೂರ್ತಿ ಹೆಸರು, ಶಾಲೆಯ ಹೆಸರು, ಅದರ ಮುಂದೆ: ಗದ್ದ ಮತ್ತು ದವಡೆಯ ಕೂದಲು ತೆಗೆಸುವುದು.

ಟೀಚರು ಹನ್ನೊಂದು ವರ್ಷದಿಂದ ಬರುತ್ತಿದ್ದವರು. ಮುಟ್ಟು ನಿಂತ ವರ್ಷ ಗದ್ದದಲ್ಲಿ ಗಡಸು ಕೂದಲು ಮೂಡಿ, ಮೊದಲ ಸಲ ಬಾಗಿಲಲ್ಲಿ ಹತ್ತು ನಿಮಿಷ ನಿಂತು ಒಳಗೆ ಬಂದವರು. ಶನಿವಾರ ಮಧ್ಯಾಹ್ನ, ಜನ ಕಡಿಮೆ ಇರುವ ಹೊತ್ತು ನೋಡಿ ಬರುತ್ತಿದ್ದರು. ಮನೆಯಲ್ಲಿ ಲೈಬ್ರರಿಗೆ ಎಂದು ಹೇಳಿ ಬರುವುದು, ಸುಳ್ಳಾಗಬಾರದೆಂದು ನಿಜವಾಗಿಯೂ ಒಂದು ಪುಸ್ತಕ ತೆಗೆದುಕೊಂಡು ಹೋಗುವುದು. ಪರದೆಯ ಹಿಂದಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಮಲಗಿದರೆಂದರೆ ಬಾಯಿ ಬಿಚ್ಚುತ್ತಿದ್ದರು. ಗಂಡ ತೀರಿಕೊಂಡದ್ದು, ಸೊಸೆ ಒಳ್ಳೆಯವಳೇ ಆದರೂ ಮಾತು ತುಸು ಜಾಸ್ತಿ ಎಂಬುದು, ಹುಡುಗರ ತುಂಟಾಟ. ಅಕ್ಕನ ಮಗಳು ಗಣಿತದಲ್ಲಿ ಫೇಲಾದಾಗ ಮೂರು ತಿಂಗಳು ಅದೇ ಕುರ್ಚಿಯಲ್ಲಿ ಕೂತು ಪುಕ್ಕಟೆ ಪಾಠ ಹೇಳಿ ಪಾಸು ಮಾಡಿಸಿದವರು ಅವರೇ. ಅಕ್ಕನಿಗೆ ಸ್ವಂತ ಅಕ್ಕ ಇರಲಿಲ್ಲ. ಇದ್ದಿದ್ದರೆ ಹೀಗೇ ಇರುತ್ತಿದ್ದಳು ಎಂದುಕೊಳ್ಳುತ್ತಿದ್ದಳು.

ಟೀಚರಿಗೆ ಫೋನು ಮಾಡಿದಳು. ತೆಗೆಯಲಿಲ್ಲ. ಏಳು ಸಲ ಮಾಡಿದಳು. ಎಂಟನೇ ಸಲ ಮಾಡುವಾಗ ಫೋನು ಸ್ವಿಚ್ ಆಫ್ ಆಗಿತ್ತು.

"ಇದೇನೇ ಮಾಡಿದ್ದು? ಯಾರ ಗದ್ದದಲ್ಲಿ ಏನಿದೆ ಅಂತ ಊರಿಗೆಲ್ಲ ಡಂಗುರ ಹೊಡೆದ್ಯಲ್ಲೇ!" ಎಂದು ತಂಗಿಯ ಮೇಲೆ ಹರಿಹಾಯ್ದಳು.

"ನೀನೇ ಹೇಳಿ ಬರೆಸಿದ್ದು. ನೀನೇ ನೋಡಿ ಕಳಿಸು ಅಂದಿದ್ದು. ನಾನು ಕೇಳಲಿಲ್ವಾ?" ತಂಗಿ ಕಣ್ಣಲ್ಲಿ ನೀರು ತಂದುಕೊಂಡಳು. ಅಷ್ಟೂ ನಿಜ.

ಮಾಲೀಕರನ್ನು ಹಿಡಿದು ಪೋಸ್ಟರನ್ನು ತೆಗೆಸುವಷ್ಟರಲ್ಲಿ ಮಧ್ಯಾಹ್ನ ಹನ್ನೆರಡಾಗಿತ್ತು. ಅಷ್ಟು ಹೊತ್ತಿಗೆ ಅದು ಇನ್ನೆಷ್ಟು ಫೋನುಗಳಿಗೆ ಹೋಗಿತ್ತೋ ಯಾರಿಗೆ ಗೊತ್ತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಹೊಸ ಬ್ರಾಂಚಿನ ಬಾಗಿಲು ತೆರೆಯಿತು. ಯಾರೂ ಬರುವುದಿಲ್ಲ ಎಂದು ಅಕ್ಕ ಅಂದುಕೊಂಡಿದ್ದಳು. ಒಳಗೊಳಗೇ ಹಾಗಾಗಲಿ ಎಂದೂ ಬಯಸಿದ್ದಳೇನೋ. ಆದರೆ ಹತ್ತೂವರೆಗೆ ಮೆಟ್ಟಿಲ ತುಂಬ ಚಪ್ಪಲಿ! ಹನ್ನೆರಡು ಜನರಲ್ಲಿ ಒಬ್ಬರೂ ಇಲ್ಲ. ಬಂದವರೆಲ್ಲ ಹೊಸಮುಖಗಳು. ಉಚಿತ ಹುಬ್ಬಿಗೆ ಸಾಲು. ತಂಗಿ ಕೌಂಟರಿನಲ್ಲಿ ಕೂತು ಒಬ್ಬೊಬ್ಬರ ಹೆಸರು, ನಂಬರು, ಕೋಡು ಬರೆದುಕೊಳ್ಳುತ್ತಿದ್ದಳು.

"ಯಾರ ಕೋಡು ಮೇಡಂ?"

"ಅದೇ... ಗಡ್ಡದ ಟೀಚರ್ ಕೋಡು," ಎಂದಳು ಒಬ್ಬಳು. ಜೊತೆಯವಳು ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದಳು. ಬೆಂಚಿನಲ್ಲಿ ಕೂತ ನಾಲ್ಕೈದು ಜನವೂ ನಕ್ಕರು. ಆಮೇಲೆ ಬಂದವರೆಲ್ಲ ಅದನ್ನೇ ಹೇಳತೊಡಗಿದರು. ಬೇರೆ ಹನ್ನೊಂದು ಕೋಡು ಯಾರಿಗೂ ಬೇಡ, ಅವರ ಗದ್ದದಲ್ಲಿ ಕೂದಲು ಇರಲಿ ಬಿಡಲಿ, ಐದನೇ ಕೋಡೇ ಬೇಕು. ಅಕ್ಕನ ಕೈಯಲ್ಲಿ ದಾರ ಎರಡು ಸಲ ಕಡಿಯಿತು. ಇಪ್ಪತ್ತೆರಡು ವರ್ಷದಲ್ಲಿ ಹಾಗಾಗಿರಲಿಲ್ಲ.

ಮಧ್ಯಾಹ್ನ ತಂಗಿ ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. ಮುಖ ಅರಳಿತ್ತು. "ಅಕ್ಕ, ಬೈಬೇಡ. ಆದ್ರೆ ನೋಡು, ಜನ ಮುರ್ಕೊಂಡು ಬೀಳ್ತಿದ್ದಾರೆ. ಟೀಚರ್ ಕೋಡಿಗೇ ಹತ್ತೊಂಬತ್ತು ಜನ! ಅವರಿಗೆ ಹತ್ತೊಂಬತ್ತು ಸಲ ಪುಕ್ಕಟೆ ಮಾಡಿಕೊಟ್ಟುಬಿಡೋಣ. ಒಂದು ವಾರಕ್ಕೆ ಎಲ್ಲ ಮರೆತು ಹೋಗತ್ತೆ."

ಅಕ್ಕ ಉತ್ತರ ಕೊಡುವ ಮೊದಲೇ ಬ್ಯಾಂಕಿನವರ ಫೋನು ಬಂತು. ಆಕೆಯದು ಯಾವಾಗಲೂ ಕಡ್ಡಿ ತುಂಡು ಮಾಡಿದಂಥ ಮಾತು.

"ನನ್ನ ಬಿಳಿಗೂದಲ ವಿಷಯ ಹಾಳಾಗಲಿ ಬಿಡಿ, ವಯಸ್ಸಾಗಿದೆ, ಎಲ್ಲರಿಗೂ ಗೊತ್ತಾದ್ರೆ ಗೊತ್ತಾಗ್ಲಿ. ಒಂದು ಮಾತು ಕೇಳ್ತೀನಿ. ನಮ್ಮನೆ ಕೆಳಗೇ ಒಂದು ಪಾರ್ಲರ್ ಇದೆ. ಎದುರು ರಸ್ತೇಲಿ ಇನ್ನೊಂದಿದೆ. ಎರಡು ಬಸ್ಸು ಹತ್ತಿ ನಿಮ್ಮ ಹತ್ರ ಯಾಕೆ ಬರ್ತಿದ್ವಿ ಅಂದ್ಕೊಂಡ್ರಿ?"

"ನನ್ನ ಕೈ..." ಎಂದಳು ಅಕ್ಕ. ಅಷ್ಟಕ್ಕೇ ನಿಂತಳು.

"ಕೈ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ನಾವು ಬಂದಿದ್ದು ನೀವು ದೂರ ಇದ್ದೀರಿ ಅಂತ. ಇಲ್ಲಿಯವರ ಯಾರ ಕಣ್ಣಿಗೂ ಬೀಳಲ್ಲ ಅಂತ. ನೀವು ನಮ್ಮ ಬಾಗಿಲಿಗೇ ಬಂದು ಕೂತ್ರಿ. ಸಾಲದು ಅಂತ ಬೋರ್ಡೂ ಹಾಕಿದ್ರಿ." ಆಕೆ ಉಸಿರೆಳೆದುಕೊಂಡರು. "ನನ್ನ ಮಗ ಟೀಚರ್ ಕ್ಲಾಸೇ. ಇವತ್ತು ಬೆಳಿಗ್ಗೆ ಅವರು ಒಳಗೆ ಬರೋ ಹೊತ್ತಿಗೆ ಹಲಗೆ ಮೇಲೆ ಗಡ್ಡ ಬಿಟ್ಟ ಹೆಂಗಸಿನ ಚಿತ್ರ ಬರೆದಿದ್ರಂತೆ. ಅವರು ಅಳಿಸಿ ಪಾಠ ಶುರು ಮಾಡಿದ್ರಂತೆ. ಅರ್ಧಕ್ಕೇ ಸೀಮೆಸುಣ್ಣ ಇಟ್ಟು ಹೊರಟುಹೋದ್ರಂತೆ. ಮೂವತ್ತು ವರ್ಷ ಪಾಠ ಮಾಡಿದವರು, ಅರ್ಧ ಕ್ಲಾಸಿಗೆ ಎದ್ದು ಹೋದ್ರಂತೆ."

ಫೋನು ಕಟ್ಟಾದ ಮೇಲೂ ಅಕ್ಕ ಅದನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು. ಹನ್ನೆರಡು ಕಾರ್ಡುಗಳ ಗುಡ್ಡೆ ನೋಡಿ ತಾನು ಬೀಗಿದ್ದು ಕಣ್ಣ ಮುಂದೆ ಬಂತು. ಎಷ್ಟು ದಡ್ಡಿ ತಾನು! ಮುಖ ಮುಚ್ಚಿಕೊಂಡು ಬಂದವರನ್ನು ನೋಡಿ, ಇವರೆಲ್ಲ ನನ್ನ ಮೆಚ್ಚಿ ಬಂದರು ಅಂದುಕೊಂಡಿದ್ದಳಲ್ಲ.

ನಾಲ್ಕೂವರೆಗೆ ಏಪ್ರನ್ ಬಿಚ್ಚಿಟ್ಟಳು. "ಎಲ್ಲಿಗೆ? ಇನ್ನೂ ಒಂಬತ್ತು ಜನ ಕೂತಿದ್ದಾರೆ!" ಎಂದಳು ತಂಗಿ.

"ಟೀಚರ್ ಮನೆಗೆ."

"ಅಕ್ಕ, ಕಾಲು ಹಿಡ್ಕೋತೀನಿ, ಅಲ್ಲಿ ಹೋಗಿ ಇನ್ನೊಂದು ರಂಪ ಮಾಡ್ಕೋಬೇಡ. ಇವತ್ತು ಮೊದಲನೇ ದಿನ. ಇದು ನಿಲ್ಲದಿದ್ರೆ ನಾನು ಎದ್ದೇಳಲ್ಲ, ಗೊತ್ತಾ ನಿನಗೆ?"

ಗೊತ್ತಿತ್ತು. ತಂಗಿಯ ಬರಿಗಿವಿಗಳನ್ನು ನೋಡುತ್ತಲೇ ಅಕ್ಕ ಮೆಟ್ಟಿಲಿಳಿದಳು.

ಮನೆ ಮೂರೇ ರಸ್ತೆ ಆಚೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಟೀಚರ್, ನನ್ನದು ತಪ್ಪಾಯ್ತು. ಹನ್ನೊಂದು ವರ್ಷದಲ್ಲಿ ನಿಮ್ಮ ಒಂದು ಮಾತು ಹೊರಗೆ ಬಿಟ್ಟವಳಲ್ಲ ನಾನು. ಇನ್ನು ಮೇಲೆ ನೀವು ಬರಲೇಬೇಡಿ, ನಾನೇ ನಿಮ್ಮಲ್ಲಿಗೆ ಬರುತ್ತೇನೆ, ದಾರ ಚೀಲದಲ್ಲಿ ಇಟ್ಟುಕೊಂಡು ಬಂದರೆ ಯಾರಿಗೆ ತಿಳಿಯುತ್ತದೆ. ಬಯ್ಯಿರಿ, ಹೊಡೆಯಿರಿ, ಆದರೆ ಬಿಟ್ಟುಬಿಡಬೇಡಿ. ಬೇಕಾಗಿದ್ದದ್ದು ಅದೊಂದೇ. ಅವರು ಬಯ್ದು ಕ್ಷಮಿಸಬೇಕು.

ಬಾಗಿಲು ತೆಗೆದವಳು ಸೊಸೆ. ಕೈಯಲ್ಲಿ ಫೋನಿತ್ತು.

"ನಾನು... ಔಷಧಿ ಅಂಗಡಿ ಮೇಲಿನ ಪಾರ್ಲರಿನವಳು," ಎಂದಳು ಅಕ್ಕ.

"ಓಹೋ, ನೀವೇನಾ!" ಸೊಸೆಯ ಕಣ್ಣು ಕೆಂಡವಾಯಿತು. "ಬನ್ನಿ, ನಾನೇ ಬರೋಳಿದ್ದೆ. ಏನ್ರೀ, ಮಾನ ಮರ್ಯಾದೆ ಇದೆಯಾ ನಿಮಗೆ? ನಮ್ಮತ್ತೆ ಎರಡು ದಿನದಿಂದ ತುತ್ತು ಅನ್ನ ಬಾಯಿಗಿಟ್ಟಿಲ್ಲ. ಶಾಲೆಯಿಂದ ಅರ್ಧಕ್ಕೇ ಬಂದು ಮಲಗಿದ್ದಾರೆ. ಅವರು ನಿಮ್ಮ ಅಂಗಡಿ ಮುಖಾನೇ ನೋಡಿಲ್ವಂತೆ! ಗಿರಾಕಿ ಬೇಕು ಅಂತ ಕಂಡೋರ ಹೆಸರು ಹಾಕ್ಕೊಳ್ಳೋದಾ?"

ಅಕ್ಕನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಟೀಚರು ಬಂದರು. ಎರಡೇ ದಿನದಲ್ಲಿ ಇಳಿದು ಹೋಗಿದ್ದರು. ಹದಿನೈದು ದಿನ ನಾಳೆಗೆ ಮುಗಿಯುವುದು. ದವಡೆಯ ಕೆಳಗೆ ಬ್ಲೇಡು ತಾಗಿದ ಎರಡು ಗೆರೆಗಳಿದ್ದವು, ಒಂದರ ಮೇಲೆ ರಕ್ತ ಒಣಗಿತ್ತು. ಬೇರೆ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ಅಕ್ಕನ ಕಣ್ಣು ಹೋದದ್ದೇ ಅಲ್ಲಿಗೆ. ಅವಸರದಲ್ಲಿ, ಕನ್ನಡಿ ಸರಿಯಾಗಿ ನೋಡದೆ, ತಾವೇ ಕೆರೆದುಕೊಂಡಿದ್ದರು. ಅಕ್ಕನಿಗೆ ಅಳು ಒತ್ತರಿಸಿ ಬಂತು.

"ಟೀಚರ್, ನನ್ನದು..."

"ಯಾರಿವರು?" ಟೀಚರು ಸೊಸೆಯನ್ನು ಕೇಳಿದರು.

"ಅದೇ ಅತ್ತೆ, ಆ ಪಾರ್ಲರಿನವರು."

"ಹೌದಾ." ಟೀಚರು ಅಕ್ಕನ ಮುಖ ನೋಡಿದರು. ಕಣ್ಣು ಅಲ್ಲಾಡಲಿಲ್ಲ. ಕೈ ಮಾತ್ರ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. "ನನಗೆ ಇವರ ಪರಿಚಯ ಇಲ್ಲ. ನಾನು ಅಲ್ಲಿಗೆ ಹೋದವಳಲ್ಲ. ಹೆಸರು ಎಲ್ಲಿಂದ ಸಿಕ್ಕಿತು ಅಂತ ಇವರನ್ನೇ ಕೇಳು."

ಅಕ್ಕನ ಬಾಯಲ್ಲಿ ಜೋಡಿಸಿ ತಂದಿದ್ದ ಮಾತೆಲ್ಲ ಅಲ್ಲೇ ಉಳಿಯಿತು. ಇಲ್ಲಿ ಕ್ಷಮೆ ಕೇಳಿದರೆ ಹನ್ನೊಂದು ವರ್ಷ ಬಂದಿದ್ದು ನಿಜವೆಂದಾಗುತ್ತದೆ. ಟೀಚರಿಗೆ ಬೇಕಾದದ್ದು ಅವಳ ಕಣ್ಣೀರಲ್ಲ, ಒಂದು ಸುಳ್ಳು. ಆ ಸುಳ್ಳನ್ನು ಅವರೊಬ್ಬರೇ ಹೇಳಿದರೆ ನಿಲ್ಲುವುದಿಲ್ಲ, ಅವಳೂ ಹೇಳಬೇಕು. ಹೇಳಿದರೆ ಮತ್ತೆಂದೂ ಆ ಪರದೆಯ ಹಿಂದೆ ಅವರು ಬರಲಾರರು. ದಾರಿಯಲ್ಲಿ ಎದುರಾದರೂ ನಗುವ ಹಾಗಿಲ್ಲ.

"ಇಲ್ಲಮ್ಮ," ಎಂದಳು ಸೊಸೆಗೆ. "ಇವರು ಬಂದಿಲ್ಲ. ನಾನು ಇವರನ್ನ ನೋಡ್ತಿರೋದೇ ಈಗ."

"ಮತ್ತೆ ಹೆಸರು?"

"ಶಾಲೆ ಬೋರ್ಡ್ ನೋಡಿ ಹಾಕ್ಕೊಂಡ್ವಿ. ಟೀಚರ್ ಅಂದ್ರೆ ಜನ ನಂಬ್ತಾರೆ ಅಂತ."

"ಅಬ್ಬಾ!" ಸೊಸೆ ಕೆನ್ನೆಗೆ ಕೈ ಹಚ್ಚಿದಳು. ಆಮೇಲೆ ಫೋನನ್ನು ಅಕ್ಕನ ಬಾಯಿ ಹತ್ತಿರ ಹಿಡಿದಳು. "ಇದನ್ನೇ ಇಲ್ಲಿ ಹೇಳಿ. ನಿಮ್ಮ ಬಾಯಲ್ಲೇ ಹೇಳಿ. ಗುಂಪಿಗೆ ಹಾಕ್ತೀನಿ. ಇನ್ನೂರ ನಲವತ್ತು ಮನೆಯವರೂ ಕೇಳ್ಲಿ."

ಅಕ್ಕ ಫೋನು ನೋಡಿದಳು. ಇದು ಗುಂಪಿಗೆ ಹೋದ ಮೇಲೆ ಆ ಗುಲಾಬಿ ಕೋಣೆಗೆ ಯಾರೂ ಕಾಲಿಡುವುದಿಲ್ಲ. ಸುಳ್ಳು ಹೆಸರು ಹಾಕಿ ವ್ಯಾಪಾರ ಮಾಡುವವರ ಕೈಗೆ ಯಾರು ಮುಖ ಕೊಡುತ್ತಾರೆ? ತಂಗಿ ಕೌಂಟರಿನಲ್ಲಿ ಕೂತೇ ಇದನ್ನು ಕೇಳುತ್ತಾಳೆ, ಕೂತ ಒಂಬತ್ತು ಜನರ ಫೋನಿನಿಂದಲೇ ಕೇಳುತ್ತಾಳೆ. ಟೀಚರು ಬೇಡ ಎನ್ನಲಿಲ್ಲ, ಹೇಳು ಎನ್ನಲೂ ಇಲ್ಲ.

ಸೊಸೆ ಗುಂಡಿ ಒತ್ತಿದಳು.

"ನಮಸ್ಕಾರ. ನಾನು ಔಷಧಿ ಅಂಗಡಿ ಮೇಲಿನ ಹೊಸ ಪಾರ್ಲರಿನ ದೊಡ್ಡವಳು ಮಾತಾಡೋದು. ನಮ್ಮ ಪೋಸ್ಟರಿನಲ್ಲಿ ಹಾಕಿದ್ದ ಹನ್ನೆರಡು ಹೆಸರೂ ಸುಳ್ಳು. ಅವರು ಯಾರೂ ನಮ್ಮ ಗಿರಾಕಿಗಳಲ್ಲ. ಒಬ್ಬರೂ ಅಲ್ಲ. ಅವರ ಮುಂದೆ ಬರೆದಿದ್ದೂ ನಮ್ಮ ಕಲ್ಪನೆ. ಜನ ಬರಲಿ ಅಂತ ನಾವೇ ಬರ್ಕೊಂಡ್ವಿ. ಇದು ನನ್ನ ಕೆಲಸ, ನನ್ನ ತಂಗಿಗೆ ಗೊತ್ತಿರಲಿಲ್ಲ. ಆ ಹನ್ನೆರಡು ಜನ ತಾಯಂದಿರಿಗೂ ಕೈ ಮುಗೀತೀನಿ." ಅಷ್ಟು ಹೇಳಿ, ಸಾಕೇ ಎನ್ನುವಂತೆ ನೋಡಿದಳು. ನೋಡಿದ್ದು ಸೊಸೆಯನ್ನಲ್ಲ.

ಟೀಚರ ಕೈ ಚೌಕಟ್ಟನ್ನು ಬಿಟ್ಟಿತು.

"ಕಳಿಸಿದೆ," ಎಂದಳು ಸೊಸೆ. "ಎಂಥೆಂಥ ಜನ ಇರ್ತಾರಪ್ಪಾ! ಪೊಲೀಸಿಗೆ ಕೊಡಬೇಕು ಇಂಥೋರನ್ನ. ಅಲ್ವಾ ಅತ್ತೆ?"

"ಹೋಗ್ಲಿ ಬಿಡಮ್ಮ," ಎಂದರು ಟೀಚರು. ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಯಾರೋ ಏನೋ, ಬಿಸಿಲಲ್ಲಿ ನಡ್ಕೊಂಡು ಬಂದಿದ್ದಾರೆ. ಒಂದ್ಲೋಟ ನೀರು ಕೊಟ್ಟು ಕಳಿಸು."

ಸೊಸೆ ಗೊಣಗುತ್ತ ಒಳಗೆ ಹೋದಳು. ಅವಳು ಬರುವವರೆಗೆ ಇಬ್ಬರೇ ನಿಂತಿದ್ದರು. ಟೀಚರು ಮೂಲೆಯ ಚಪ್ಪಲಿಗಳನ್ನು ನೋಡುತ್ತಿದ್ದರು. ಅಕ್ಕ ಅವರ ದವಡೆಯ ಕೆಳಗಿನ ಗಾಯ ನೋಡುತ್ತಿದ್ದಳು, ಅದಕ್ಕೆ ಏನು ಹಚ್ಚಬೇಕೆಂದು ಅವಳಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ನೀರು ಬಂತು. ಹೊಸ್ತಿಲ ಹೊರಗೇ ನಿಂತು ಕುಡಿದು, ಲೋಟ ಸೊಸೆಯ ಕೈಗೆ ಕೊಟ್ಟು, "ಬರ್ತೀನಮ್ಮ," ಎಂದು ಸೊಸೆಗೆ ಮಾತ್ರ ಹೇಳಿ ಗೇಟಿನ ಕಡೆ ನಡೆದಳು.